ದೊಡ್ಡ ಕಂಪನಿಯ ಮ್ಯಾನೇಜರ್ ಸಣ್ಣ ಕಾರ್ಖಾನೆಗೆ ಬರುತ್ತೇನೆ ಎಂದಾಗ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಅಣ್ಣ ಮತ್ತು ನಾನು ಸಿಎನ್‌ಸಿ ಮಷಿನಿಂಗ್ ಘಟಕ ನಡೆಸುತ್ತೇವೆ. 45 ಜನ ಕೆಲಸಗಾರರಿದ್ದಾರೆ. ವಾಹನ ಬಿಡಿಭಾಗದ ಹೊಸ ಗ್ರಾಹಕರೊಬ್ಬರು ಸಿಕ್ಕಿದ್ದಾರೆ. ನಾಲ್ಕು ತಿಂಗಳಲ್ಲಿ ಪಿಪ್ಯಾಪ್, ಅಂದರೆ ಬಿಡಿಭಾಗ ಸರಿಯಾಗಿ ಬರುತ್ತದೆ ಎಂದು ಪರೀಕ್ಷೆ-ದಾಖಲೆಗಳಿಂದ ತೋರಿಸಿ ಒಪ್ಪಿಗೆ ಪಡೆಯುವ ಕೆಲಸ, ಮುಗಿಸಿಕೊಟ್ಟರೆ ತಿಂಗಳಿಗೆ 9 ಲಕ್ಷ ರೂಪಾಯಿಯ ಆರ್ಡರ್ ಕೊಡುತ್ತಾರಂತೆ. ಅದಕ್ಕೆ ಒಬ್ಬ ಕ್ವಾಲಿಟಿ ಎಂಜಿನಿಯರ್ ಬೇಕು. ಇಬ್ಬರು ಉಳಿದಿದ್ದಾರೆ. ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಮೂರು ವರ್ಷದ ಅನುಭವ ಇರುವವನು, 38,000 ಕೇಳುತ್ತಾನೆ. ಇನ್ನೊಬ್ಬರು ಪುಣೆಯ ದೊಡ್ಡ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದವರು, 19 ವರ್ಷದ ಅನುಭವ. ಅಲ್ಲಿ 1.4 ಲಕ್ಷ ಸಂಬಳವಿತ್ತು. ವಯಸ್ಸಾದ ತಂದೆ-ತಾಯಿಗಾಗಿ ಊರಿಗೆ ಬಂದಿದ್ದೇನೆ, 75,000 ಕೊಟ್ಟರೆ ಸಾಕು ಅನ್ನುತ್ತಾರೆ. "ಇವರು ವರ್ಷದೊಳಗೆ ಬಿಟ್ಟು ಹೋಗುವವರು, ಬೇಡ" ಎನ್ನುತ್ತಾನೆ ಅಣ್ಣ. ನನಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅವರು ವರ್ಷದೊಳಗೆ ಬಿಟ್ಟರೂ ನಿಮಗೆ ನಷ್ಟವಿಲ್ಲ. ಮೂರನೆಯ ತಿಂಗಳಲ್ಲಿ ಬಿಟ್ಟರೆ ಮಾತ್ರ ದೊಡ್ಡ ನಷ್ಟ. ನಿಮ್ಮ ಅಣ್ಣನವರ ಆತಂಕ ಸುಳ್ಳಲ್ಲ, ಆದರೆ ಅದು ತಪ್ಪು ತಿಂಗಳಿನ ಮೇಲೆ ನೆಟ್ಟಿದೆ. ಹೇಗೆಂದು ಹೇಳುತ್ತೇನೆ.

9 ಲಕ್ಷದ ಆರ್ಡರಿನಲ್ಲಿ ಕಚ್ಚಾಮಾಲು, ಟೂಲ್, ಕರೆಂಟು, ಸಾಗಣೆ ಎಲ್ಲ ಕಳೆದು ನೂರಕ್ಕೆ ಇಪ್ಪತ್ತೈದು ಕೈಗೆ ಉಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ನಿಮ್ಮ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಕೊಳ್ಳಿ. ಅಂದರೆ ತಿಂಗಳಿಗೆ 2.25 ಲಕ್ಷ. ಪಿಪ್ಯಾಪ್ ಮೊದಲೇ ಹತ್ತಾರು ಬಾರಿ ಮಾಡಿದವರು ನಾಲ್ಕು ತಿಂಗಳಲ್ಲಿ ಮುಗಿಸುತ್ತಾರೆ. ಮೂರು ವರ್ಷದ ಹುಡುಗ, ಎಷ್ಟೇ ಚುರುಕಾಗಿದ್ದರೂ, ಒಬ್ಬನೇ ಆದರೆ ಏಳು ತಿಂಗಳು ಹಿಡಿಯುತ್ತಾನೆ ಎಂಬುದು ನನ್ನ ಅಂದಾಜು. ಮೂರು ತಿಂಗಳ ಅಂತರಕ್ಕೆ 6.75 ಲಕ್ಷ ಆಯಿತು. ಅದೂ ಗ್ರಾಹಕರು ಏಳು ತಿಂಗಳವರೆಗೆ ಕಾಯುತ್ತಾರೆ ಎಂದಾದರೆ.

ಇನ್ನು ಖರ್ಚಿನ ಕಡೆ. ಹಿರಿಯರಿಗೆ ಇಡೀ 75,000ವನ್ನು ತಿಂಗಳ ಸಂಬಳವಾಗಿ ಕೊಡಬೇಡಿ. 62,000 ಸಂಬಳ, ಗ್ರಾಹಕರು ಪಿಪ್ಯಾಪ್‌ಗೆ ಒಪ್ಪಿಗೆ ಸಹಿ ಹಾಕಿದ ದಿನ 1 ಲಕ್ಷ, ಹನ್ನೆರಡು ತಿಂಗಳು ತುಂಬಿದಾಗ ಇನ್ನೊಂದು 1 ಲಕ್ಷ ಎಂದು ಮಾತಾಡಿ. ವರ್ಷಕ್ಕೆ ಒಟ್ಟು 9.44 ಲಕ್ಷ ಆಗುತ್ತದೆ. ಅವರು ಕೇಳಿದ್ದಕ್ಕಿಂತ 44,000 ಹೆಚ್ಚೇ. ಹಾಗಾಗಿ ಇದು ಚೌಕಾಸಿಯಲ್ಲ, ದುಡ್ಡು ಯಾವ ಹೊತ್ತಿಗೆ ಕೈ ಸೇರಬೇಕೆಂಬ ಏರ್ಪಾಡು. ಹುಡುಗನಿಗೆ ವರ್ಷಕ್ಕೆ 4.56 ಲಕ್ಷ. ವ್ಯತ್ಯಾಸ 4.88 ಲಕ್ಷ. ಹಿರಿಯರು ವರ್ಷ ತುಂಬಿಸಿ ಮಾರನೆಯ ದಿನವೇ ಹೋದರೂ ನಿಮ್ಮ ಬಳಿ ಸುಮಾರು 1.9 ಲಕ್ಷ ಹೆಚ್ಚಿಗೆ ಉಳಿದಿರುತ್ತದೆ. ಆರನೆಯ ತಿಂಗಳಲ್ಲಿ ಹೋದರೆ ಇನ್ನೂ ಹೆಚ್ಚು, ಯಾಕೆಂದರೆ ಆರ್ಡರ್ ಆಗಲೇ ಓಡುತ್ತಿರುತ್ತದೆ, ದೊಡ್ಡ ಸಂಬಳ ನಿಂತಿರುತ್ತದೆ. ಅವರಿಲ್ಲದೆಯೂ ಕೆಲಸ ನಡೆಯುವಂತೆ ಕಾಗದಪತ್ರ ಬಿಟ್ಟು ಹೋಗಿರಬೇಕು, ಅಷ್ಟೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಕೆಟ್ಟ ಸಂದರ್ಭ ನೋಡಿ. ಮೂರು ತಿಂಗಳು ಇದ್ದು, ಪಿಪ್ಯಾಪ್ ಅರ್ಧದಲ್ಲಿ ಬಿಟ್ಟು ಹೋದರು. ಆಗ ಹುಡುಗನನ್ನು ಕರೆತಂದು ಮೊದಲಿಂದ ಶುರು ಮಾಡಬೇಕು. ಆರ್ಡರ್ ಏಳರ ಬದಲು ಹತ್ತನೆಯ ತಿಂಗಳ ಕೊನೆಗೆ ಬರುತ್ತದೆ. ಸಂಬಳದ ಹೆಚ್ಚುವರಿಯೂ ಸೇರಿ ಸುಮಾರು ಏಳೂವರೆ ಲಕ್ಷ ಕೈಬಿಡುತ್ತದೆ. ಗೆದ್ದರೆ ಮೊದಲ ವರ್ಷದಲ್ಲಿ ಎರಡು ಲಕ್ಷದ ಹತ್ತಿರ, ಸೋತರೆ ಏಳೂವರೆ. ಅಂದರೆ ಅವರಂಥ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪಿಪ್ಯಾಪ್‌ಗೆ ಮೊದಲೇ ಬಿಟ್ಟು ಹೋಗುತ್ತಾರೆ ಎಂದು ನಿಮಗೆ ಅನ್ನಿಸಿದರೆ ತೆಗೆದುಕೊಳ್ಳಬಾರದು. ಅದಕ್ಕಿಂತ ಕಡಿಮೆ ಅನ್ನಿಸಿದರೆ ತೆಗೆದುಕೊಳ್ಳಬೇಕು. ನೀವಿಬ್ಬರೂ ವಾದ ಮಾಡಬೇಕಾದದ್ದು ಈ ಒಂದು ಅಂಕಿಯ ಮೇಲೆ.

ಈ ಲೆಕ್ಕ ಹಿರಿಯರ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಇದೆ. ಹುಡುಗ ಏಳು ತಿಂಗಳೂ ನಿಲ್ಲುತ್ತಾನೆ ಎಂದು ನಾನು ಹಿಡಿದಿದ್ದೇನೆ. ಆದರೆ ಮೂರು ವರ್ಷ ಅನುಭವವಾದ ಕ್ವಾಲಿಟಿ ಹುಡುಗರಿಗೆ ಪುಣೆ, ಬೆಂಗಳೂರಿನಿಂದ ಕರೆ ಬರುವ ವಯಸ್ಸೇ ಅದು. ಬಯೋಡೇಟಾದಲ್ಲಿ ಪಿಪ್ಯಾಪ್ ಎಂಬ ಪದ ಸೇರಿದ ಮೇಲಂತೂ ಕೇಳಲೇಬೇಡಿ. ಹಿರಿಯರ ವಿಷಯದಲ್ಲಿ "ಬಿಟ್ಟು ಹೋದರೆ?" ಎಂದು ಕೇಳುವ ಮಾಲೀಕರು ಕಿರಿಯರ ವಿಷಯದಲ್ಲಿ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಂದು ನಾನು ಯಾವಾಗಲೂ ಹೇಳುವುದು ಇದಕ್ಕೇ.

ಇನ್ನು ನಾಲ್ಕಕ್ಕೂ ಏಳಕ್ಕೂ ಅಂತರ ಎಲ್ಲಿಂದ ಬರುತ್ತದೆ ಎಂಬುದು. ಇದನ್ನು ತಿಳಿಯದೆ ನೀವು ಸಂದರ್ಶನದಲ್ಲಿ ಸರಿಯಾದ ಪ್ರಶ್ನೆ ಕೇಳಲಾರಿರಿ. ನಿಮ್ಮ ಬಿಡಿಭಾಗದಲ್ಲಿ 32 ಮಿ.ಮೀ. ಬೋರ್, ಅಂದರೆ ಕೊರೆದ ರಂಧ್ರ ಇದೆ, ಅದಕ್ಕೆ ಎಚ್7 ಟಾಲರೆನ್ಸ್ ಎಂದುಕೊಳ್ಳಿ. ಸೊನ್ನೆಯಿಂದ ಪ್ಲಸ್ 25 ಮೈಕ್ರಾನ್ ಅಷ್ಟೇ ಜಾಗ. ಪಿಪ್ಯಾಪ್‌ಗೆ ಮುನ್ನೂರು ತುಂಡು ಓಡಿಸಿ ಅಳತೆ ತೆಗೆದು, ಪ್ರಕ್ರಿಯೆ ಹಿಡಿತದಲ್ಲಿದೆ ಎಂದು ತೋರಿಸಬೇಕು. ಅಳತೆಯ ಏರಿಳಿತ ಟಾಲರೆನ್ಸಿನೊಳಗೆ ಎಷ್ಟು ಆರಾಮವಾಗಿ ಕೂರುತ್ತದೆ ಎಂದು ಹೇಳುವ ಅಂಕಿಗೆ ಸಾಮರ್ಥ್ಯ ಸೂಚ್ಯಂಕ ಎನ್ನುತ್ತಾರೆ; ಸಾಮಾನ್ಯವಾಗಿ ಗ್ರಾಹಕರು ಕೇಳುವುದು 1.67. ನಿಮಗೆ ಬಂದದ್ದು 0.9 ಎಂದುಕೊಳ್ಳಿ. ಅನುಭವ ಕಡಿಮೆ ಇರುವವನು ಮೊದಲು ಯಂತ್ರದ ಮೇಲೆ ಬೀಳುತ್ತಾನೆ. ಲೋಹ ಕತ್ತರಿಸುವ ಇನ್ಸರ್ಟ್ ಬದಲಿಸುತ್ತಾನೆ, ಆಫ್‌ಸೆಟ್ ತಿದ್ದುತ್ತಾನೆ, ಫಿಕ್ಸ್ಚರ್ ಬಿಚ್ಚುತ್ತಾನೆ, ಸ್ಪಿಂಡಲ್ ನೋಡಲು ಸರ್ವಿಸ್ ಎಂಜಿನಿಯರನ್ನು ಕರೆಯುತ್ತಾನೆ. ಹೀಗೆ ಆರು ವಾರ ಹೋಗುತ್ತದೆ. ಕೆಲಸ ಬಲ್ಲವರು ಮೊದಲ ದಿನ ಬೋರ್ ಗೇಜನ್ನು ಕೈಗೆತ್ತಿಕೊಳ್ಳುತ್ತಾರೆ. ಹತ್ತು ತುಂಡು, ಮೂವರು ಆಪರೇಟರ್, ಒಬ್ಬೊಬ್ಬರಿಂದ ಮೂರು ಮೂರು ಸಲ ಅಳತೆ. ಅಳತೆಯಲ್ಲೇ ಆಗುವ ಏರಿಳಿತ ಟಾಲರೆನ್ಸಿನ ಶೇಕಡಾ 10ರ ಒಳಗಿದ್ದರೆ ಗೇಜ್ ಸರಿ. 30 ದಾಟಿದರೆ ಆ ಗೇಜಿನಿಂದ ತೆಗೆದ ಅಂಕಿಗಳನ್ನು ನಂಬುವಂತಿಲ್ಲ. ಅದು 38 ಬಂದರೆ ತೊಂದರೆ ಯಂತ್ರದಲ್ಲಿದೆಯೋ ಇಲ್ಲವೋ ಹೇಳಲಿಕ್ಕೇ ಆಗದು. ಮೊದಲು ಗೇಜನ್ನೂ ಅದನ್ನು ಹಿಡಿಯುವ ಕೈಯನ್ನೂ ಸರಿಮಾಡಬೇಕು. ಒಂದು ದಿನದಲ್ಲಿ ಗೊತ್ತಾಗುವ ಸಂಗತಿ ಇದು. ನೀವು ಹೆಚ್ಚಿನ ಸಂಬಳ ಕೊಡುವುದು ಈ ಆರು ವಾರಕ್ಕೆ.

ಆದರೆ ನಿಮ್ಮ ಅಭ್ಯರ್ಥಿ ಇದನ್ನು ಕೈಯಾರೆ ಮಾಡಬಲ್ಲರೇ? ಅಣ್ಣನವರು ಕೇಳದ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ದೊಡ್ಡ ಕಂಪನಿಯ ಕ್ವಾಲಿಟಿ ಮ್ಯಾನೇಜರ್ ಕೈಕೆಳಗೆ ಹತ್ತು-ಹದಿನೈದು ಜನ ಇರುತ್ತಾರೆ. ಅಳತೆ ತೆಗೆಯಲು ಒಬ್ಬ, ಸಿಎಂಎಂ ಎಂಬ ಅಳತೆ ಯಂತ್ರ ನಡೆಸಲು ಒಬ್ಬ, ದಾಖಲೆ ತುಂಬಲು ಒಬ್ಬ, ಸಪ್ಲೈಯರ್‌ಗಳ ಹಿಂದೆ ಓಡಲು ಇಬ್ಬರು. ಮ್ಯಾನೇಜರ್ ಬೆಳಗಿನ ಮೀಟಿಂಗಿನಲ್ಲಿ ಕೂತು ಸ್ಲೈಡ್ ನೋಡಿ ತೀರ್ಮಾನ ಹೇಳುತ್ತಾರೆ. ಐದಾರು ವರ್ಷ ಹಾಗೆ ಕಳೆದವರು ನಿಮ್ಮಲ್ಲಿಗೆ ಬಂದರೆ ಮೊದಲ ವಾರವೇ "ನನಗೆ ಇಬ್ಬರು ಇನ್‌ಸ್ಪೆಕ್ಟರ್ ಕೊಡಿ" ಎನ್ನುತ್ತಾರೆ. ಅದು ಅಹಂಕಾರವಲ್ಲ, ಅವರಿಗೆ ಗೊತ್ತಿರುವ ಕೆಲಸದ ಕ್ರಮವೇ ಅದು. ಅರ್ಹತೆ ಹೆಚ್ಚಾಯಿತು ಎಂದು ನಾವು ಅಂದುಕೊಂಡವರು ನಿಮ್ಮ ಅಂಗಳದ ಕೆಲಸಕ್ಕೆ ಅರ್ಹತೆ ಕಡಿಮೆ ಇರುವವರೂ ಆಗಿರಬಹುದು. ಸಣ್ಣ ಘಟಕಗಳಲ್ಲಿ ಇಂಥವರು ಎರಡನೆಯ-ಮೂರನೆಯ ತಿಂಗಳಿಗೆ ಹೊರಟದ್ದನ್ನು ನಾನು ನೋಡಿದಾಗಲೆಲ್ಲ ಕಾರಣ ಸಂಬಳಕ್ಕಿಂತ ಇದೇ ಆಗಿತ್ತು.

ಹಾಗಾಗಿ ಕಚೇರಿಯಲ್ಲಿ ಕೂತು ಇನ್ನೊಂದು ಸುತ್ತು ಮಾತಾಡಬೇಡಿ. ಒಂದು ದಿನದ ಸಂಭಾವನೆ ಕೊಟ್ಟು ಶಾಪ್‌ಗೆ ಕರೆಯಿರಿ. ಇತ್ತೀಚೆಗೆ ರಿಜೆಕ್ಟ್ ಆದ ನಾಲ್ಕೈದು ತುಂಡು, ಅದರ ಡ್ರಾಯಿಂಗ್, ನಿಮ್ಮ ಗೇಜುಗಳನ್ನು ಮುಂದಿಟ್ಟು "ಇದು ಯಾಕೆ ಹೀಗಾಯಿತು, ಸಂಜೆಯೊಳಗೆ ನೋಡಿ ಹೇಳಿ" ಎನ್ನಿ. ಆಮೇಲೆ ದೂರದಿಂದ ನೋಡಿ. ಗೇಜನ್ನು ಸೊನ್ನೆಗೆ ಹೊಂದಿಸಲು ಮಾಸ್ಟರ್ ರಿಂಗ್ ಕೇಳಿದರೇ? ಯಂತ್ರದ ಬಳಿ ಹೋಗಿ ಆಪರೇಟರ್‌ನನ್ನು, ಯಾವ ಹೊತ್ತಿಗೆ ಆಫ್‌ಸೆಟ್ ಕೊಡುತ್ತೀ, ಎಷ್ಟು ತುಂಡಿಗೊಮ್ಮೆ ಇನ್ಸರ್ಟ್ ತಿರುಗಿಸುತ್ತೀ ಎಂದು ವಿಚಾರಿಸಿದರೇ? ಆಪರೇಟರ್ ಸಲೀಸಾಗಿ ಉತ್ತರ ಕೊಟ್ಟನೇ, ಇಲ್ಲ ಬಾಯಿ ಮುಚ್ಚಿಕೊಂಡನೇ? ಸಂಜೆ ಅವರು ಹೇಳುವ ಕಾರಣ ಸರಿಯೋ ತಪ್ಪೋ ಎಂಬುದು ಎರಡನೆಯ ಮಾತು. ಕೂತಲ್ಲೇ "ನಿಮ್ಮಲ್ಲಿ ಸಿಸ್ಟಮ್ ಇಲ್ಲ" ಎಂದು ಹೇಳಿ ಎದ್ದರೆ ಅವರು ನಿಮಗೆ ಆಗುವುದಿಲ್ಲ. ಕೈಗೆ ಕಟಿಂಗ್ ಆಯಿಲ್ ಹತ್ತಿದ್ದರೆ ಮುಂದಿನ ಮಾತು ಆಡಿ. ಹುಡುಗನಿಗೂ ಇದೇ ಪರೀಕ್ಷೆ ಕೊಡಿ.

ಮುಂದಿನ ಮಾತೆಂದರೆ ಅವರು ಯಾಕೆ ಇಳಿದು ಬರುತ್ತಿದ್ದಾರೆ ಎಂಬುದು. ತಂದೆ-ತಾಯಿಗಾಗಿ ಎಂಬ ಕಾರಣ ನಿಜವಿರಬಹುದು, ಅದನ್ನು ಅನುಮಾನದಿಂದ ನೋಡಬೇಕಿಲ್ಲ, ಮನೆಯ ಕಾಯಿಲೆ-ಕಸಾಲೆ ಕೆದಕುವುದೂ ತರವಲ್ಲ. "ಪುಣೆಯಿಂದ ಮತ್ತೆ ಕರೆದರೆ ಹೋಗುತ್ತೀರಾ?" ಎಂದು ಕೇಳುವುದರಿಂದಲೂ ಏನೂ ಸಿಗದು; ಯಾರು ತಾನೇ ಹೌದು ಎನ್ನುತ್ತಾರೆ? ಮಾತಿಗಿಂತ ಅವರು ಆಗಲೇ ತೆಗೆದುಕೊಂಡ ನಿರ್ಧಾರಗಳನ್ನು ನೋಡಿ. ಹೆಂಡತಿ-ಮಕ್ಕಳು ಬೆಳಗಾವಿಗೆ ಬಂದಿದ್ದಾರೋ, ಪುಣೆಯಲ್ಲೇ ಇದ್ದಾರೋ? ಮಕ್ಕಳ ಶಾಲೆ ಇಲ್ಲಿಗೆ ಬದಲಾಗಿದೆಯೇ? ಅಲ್ಲಿನ ಬಾಡಿಗೆ ಮನೆ ಬಿಟ್ಟಿದ್ದಾರೆಯೇ? ಇವೆಲ್ಲ ಸಹಜ ಮಾತಿನಲ್ಲಿ ತಾವಾಗಿ ಹೊರಬರುತ್ತವೆ. ಸಂಸಾರ ಇಲ್ಲಿಗೆ ಬಂದಿದ್ದು, ಮಗ ಇಲ್ಲಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಸೇರಿದ್ದರೆ ಎರಡು ವರ್ಷ ಅವರು ಕದಲುವುದು ಕಷ್ಟ. ಸಂಸಾರ ಅಲ್ಲೇ ಇದ್ದು ಇವರೊಬ್ಬರೇ ಶನಿವಾರ ರಾತ್ರಿ ಬಸ್ ಹಿಡಿಯುತ್ತಿದ್ದರೆ ಐದರಲ್ಲಿ ಒಂದು ಎಂಬ ನಿಮ್ಮ ಗೆರೆ ಆಗಲೇ ದಾಟಿತೆಂದು ತಿಳಿಯಿರಿ.

ಇನ್ನೊಂದು ಕಾಗದ ಕೇಳಿ: ಪಿಎಫ್‌ನ ಸರ್ವಿಸ್ ಹಿಸ್ಟರಿ. ಯುಎಎನ್ ಸಂಖ್ಯೆ ಹಾಕಿ ಇಪಿಎಫ್‌ಒ ತಾಣದಲ್ಲಿ ಅವರೇ ತೆಗೆದು ತೋರಿಸಬಹುದು. ಯಾವ ಕಂಪನಿಯಲ್ಲಿ ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು ಎಂಬುದು ಅಲ್ಲಿರುತ್ತದೆ. 19 ವರ್ಷದಲ್ಲಿ ಮೂರು ಕಂಪನಿ ಆಗಿದ್ದರೆ ಇವರು ನಿಲ್ಲುವ ಸ್ವಭಾವದವರು. ಕೊನೆಯ ನಾಲ್ಕು ವರ್ಷದಲ್ಲೇ ಮೂರು ಕಂಪನಿ ಆಗಿದ್ದರೆ ಊರಿನ ಕಾರಣದ ಜೊತೆ ಬೇರೆಯೂ ಏನೋ ಇದೆ. ಅದನ್ನು ನೇರವಾಗಿ, ಮರ್ಯಾದೆಯಿಂದ ಕೇಳಿ. ಸಿಟ್ಟಾಗದೆ ಉತ್ತರಿಸಿದರೆ ಅದೂ ಒಂದು ಉತ್ತರವೇ.

ಬಾಂಡ್ ಬರೆಸಿಕೊಂಡರೆ ಹೇಗೆ ಎಂದು ನಿಮ್ಮ ಅಣ್ಣನವರು ಕೇಳಬಹುದು. ಬೇಡ. ಭಾರತೀಯ ಕರಾರು ಕಾಯ್ದೆ, 1872ರ 27ನೆಯ ಕಲಮಿನ ಪ್ರಕಾರ ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಸೇರಬಾರದು ಎಂಬ ಷರತ್ತು ನಿಲ್ಲುವುದಿಲ್ಲ. ಇಷ್ಟು ವರ್ಷ ಕೆಲಸ ಮಾಡದೆ ಬಿಟ್ಟರೆ ಇಷ್ಟು ಹಣ ಎಂಬ ಷರತ್ತು ಬೇರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಬಹಿರಂಗ ಜಾಹೀರಾತು ಕೊಟ್ಟು, ದೊಡ್ಡ ಪ್ರಕ್ರಿಯೆ ನಡೆಸಿ ನೇಮಕ ಮಾಡಬೇಕಾದ ಸಾರ್ವಜನಿಕ ಬ್ಯಾಂಕು. ಆ ಖರ್ಚು-ಶ್ರಮವನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಎಲ್ಲ ಕಲಿತೇ ಬರುವ ಮನುಷ್ಯನ ಮೇಲೆ ನೀವು ಮಾಡಿದ ಖರ್ಚೇನು ಎಂದು ಯಾರಾದರೂ ಕೇಳಿದರೆ ನಿಮ್ಮ ಬಳಿ ಉತ್ತರ ಇರುವುದಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಹಣ ಪಿಪ್ಯಾಪ್ ಸಹಿಗೆ ಕಟ್ಟಿರುವುದೇ ನಿಮ್ಮ ಬಾಂಡ್. ಅದರ ಮೇಲೆ ಎರಡು ತಿಂಗಳ ನೋಟಿಸ್ ಅವಧಿ, ಎರಡೂ ಕಡೆಗೆ ಸಮನಾಗಿ, ನೇಮಕಾತಿ ಪತ್ರದಲ್ಲಿ ಬರೆಯಿರಿ. ಸಾಕು.

ಜನ ನಿಲ್ಲುವುದು ಬೇರೆ ಕಾರಣಕ್ಕೆ. 2009ರಲ್ಲಿ ಬೆರಿನ್ ಎರ್ದೋಗನ್ ಮತ್ತು ತಾಲ್ಯಾ ಬೌವರ್ ಎಂಬ ಸಂಶೋಧಕರು ಟರ್ಕಿಯ ಬಟ್ಟೆ ಅಂಗಡಿಗಳ ಸರಪಳಿಯೊಂದರ ಸಿಬ್ಬಂದಿಯನ್ನು ಅಧ್ಯಯನ ಮಾಡಿದರು. ಕೆಲಸಕ್ಕೆ ಮೀರಿದ ಅರ್ಹತೆ ತಮಗಿದೆ ಎಂದುಕೊಂಡವರ ಮಾರಾಟ ಚೆನ್ನಾಗಿತ್ತು. ಅವರು ಬೇಸತ್ತು ಕೆಲಸ ಬಿಡುವ ಒಲವು ಮುಖ್ಯವಾಗಿ ಕಂಡದ್ದು ತಮ್ಮ ಕೈಯಲ್ಲಿ ಅಧಿಕಾರವಿಲ್ಲ ಎನ್ನಿಸಿದ ಕಡೆ. ತೀರ್ಮಾನದ ಸ್ವಾತಂತ್ರ್ಯ ಇದ್ದ ಕಡೆ ಆ ಒಲವು ತಗ್ಗಿತ್ತು. ಬಟ್ಟೆ ಅಂಗಡಿಗೂ ಮಷಿನ್ ಶಾಪ್‌ಗೂ ವ್ಯತ್ಯಾಸ ಇದ್ದೇ ಇದೆ, ಆದರೆ ಈ ಮಾತು ನಮ್ಮ ಕಾರ್ಖಾನೆಗಳಿಗೂ ಸಲ್ಲುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಿಮ್ಮಲ್ಲಿ ಇದು ಎಲ್ಲಿ ಪರೀಕ್ಷೆಗೆ ಬರುತ್ತದೆ ಗೊತ್ತೇ? ತಿಂಗಳ ಕೊನೆಯ ದಿನ. ಬಾಗಿಲಲ್ಲಿ ಟೆಂಪೋ ನಿಂತಿದೆ, ಬಿಲ್ ಹಾಕಬೇಕು, ಕ್ವಾಲಿಟಿಯವರು ಎರಡು ಬಿನ್ ಮಾಲಿಗೆ ಕೆಂಪು ಟ್ಯಾಗ್ ಹಾಕಿ ಹೋಲ್ಡ್ ಮಾಡಿದ್ದಾರೆ. ಮಾಲೀಕರು ಬಂದು "ಈ ಸಲ ಕಳಿಸಿ, ಮುಂದಿನ ಸಲ ನೋಡೋಣ" ಎಂದು ಟ್ಯಾಗ್ ಕಿತ್ತು ಹಾಕುತ್ತಾರೆ. 38,000ದ ಹುಡುಗ ಸುಮ್ಮನಿರುತ್ತಾನೆ. 19 ವರ್ಷ ತನ್ನ ಸಹಿಯ ಬೆಲೆ ಕಾಪಾಡಿಕೊಂಡು ಬಂದ ಮನುಷ್ಯ ಅಂದು ರಾತ್ರಿಯೇ ಹಳೆಯ ಗೆಳೆಯರಿಗೆ ಫೋನ್ ಹಚ್ಚುತ್ತಾನೆ. ಆದ್ದರಿಂದ ಸೇರಿಸಿಕೊಳ್ಳುವ ಮೊದಲೇ ಅಣ್ಣ-ತಮ್ಮ ಕೂತು ಒಂದು ಮಾತಿಗೆ ಬನ್ನಿ: ಅವರು ಹೋಲ್ಡ್ ಮಾಡಿದ ಮಾಲನ್ನು ನೀವಿಬ್ಬರೂ ಬಿಡಿಸುವಂತಿಲ್ಲ, ಗ್ರಾಹಕರ ಲಿಖಿತ ಒಪ್ಪಿಗೆ ಬಂದರೆ ಮಾತ್ರ ಹೊರಹೋಗಬೇಕು. ಇದಕ್ಕೆ ಅಣ್ಣನವರು ಮನಸಾರೆ ಒಪ್ಪದಿದ್ದರೆ ಹಿರಿಯರನ್ನು ತೆಗೆದುಕೊಳ್ಳಬೇಡಿ. ನಿಮ್ಮ ಇಡೀ ಲೆಕ್ಕ ಇಲ್ಲೇ ಕುಸಿಯುತ್ತದೆ.

ನಿಮ್ಮಲ್ಲಿ ಹಳೆಯ ಸೂಪರ್‌ವೈಸರ್ ಯಾರಾದರೂ ಇದ್ದರೆ ಅವರಿಗೂ ಮುಂಚಿತವಾಗಿ ತಿಳಿಸಿ. ಸಂಬಳದ ಸುದ್ದಿ ಒಂದು ವಾರದಲ್ಲಿ ಶಾಪ್ ತುಂಬ ಹರಡುತ್ತದೆ. ಪಿಪ್ಯಾಪ್ ಬೋನಸ್‌ನಲ್ಲಿ ಅವರಿಗೂ ಒಂದು ಪಾಲು ಇಟ್ಟರೆ ಹೊಸಬರ ಮಾತು ಯಂತ್ರದವರೆಗೆ ತಲುಪುತ್ತದೆ.

ಈಗ ಕಾಗದಪತ್ರದ ವಿಷಯ. ಅವರು ಹೋದಾಗ ಕಲಿತದ್ದೆಲ್ಲ ಅವರ ತಲೆಯಲ್ಲೇ ಹೋದರೆ ಆರು ತಿಂಗಳ ಲೆಕ್ಕವೂ ಸುಳ್ಳಾಗುತ್ತದೆ. ಸೇರಿದ ದಿನದಿಂದ ಒಬ್ಬ ಡಿಪ್ಲೊಮಾ ಟ್ರೈನಿಯನ್ನು ಅವರ ಜೊತೆ ಬಿಡಿ, ಅಳತೆ-ದಾಖಲೆ ಆತನ ಕೈಯಿಂದಲೇ ಆಗಲಿ. ಮೊದಲ ತಿಂಗಳ ಕೊನೆಗೆ ಪ್ರೋಸೆಸ್ ಫ್ಲೋ ಮತ್ತು ಎಲ್ಲಿ ಏನು ತಪ್ಪಬಹುದು ಎಂದು ಮೊದಲೇ ಪಟ್ಟಿ ಮಾಡುವ ಎಫ್‌ಎಂಇಎ, ಎರಡನೆಯದಕ್ಕೆ ಯಾವುದನ್ನು ಯಾವಾಗ ಹೇಗೆ ಅಳೆಯಬೇಕೆಂಬ ಕಂಟ್ರೋಲ್ ಪ್ಲ್ಯಾನ್ ಮತ್ತು ಎಲ್ಲ ಗೇಜುಗಳ ಪರೀಕ್ಷೆ, ಮೂರನೆಯದಕ್ಕೆ ಮುನ್ನೂರು ತುಂಡಿನ ಓಟ, ನಾಲ್ಕನೆಯದಕ್ಕೆ ಗ್ರಾಹಕರಿಗೆ ಸಲ್ಲಿಕೆ ಮತ್ತು ಸಹಿ ಎಂದು ಹಂತ ಹಾಕಿಕೊಳ್ಳಿ. ಕಡತಗಳು ಅವರ ಲ್ಯಾಪ್‌ಟಾಪಿನಲ್ಲಲ್ಲ, ಕಂಪನಿಯ ಕಂಪ್ಯೂಟರಿನಲ್ಲಿರಲಿ. ಹೀಗೆ ಮಾಡಿದರೆ ಮೂರನೆಯ ತಿಂಗಳಲ್ಲಿ ಅವರು ಹೋದರೂ ಮೊದಲಿಂದ ಶುರು ಮಾಡಬೇಕಿಲ್ಲ. ಏಳೂವರೆ ಲಕ್ಷದ ನಷ್ಟ ಮೂರು-ನಾಲ್ಕಕ್ಕೆ ಇಳಿಯುತ್ತದೆ, ಐದರಲ್ಲಿ ಒಂದು ಎಂಬ ಗೆರೆ ಮೂರರಲ್ಲಿ ಒಂದರ ಹತ್ತಿರ ಬರುತ್ತದೆ. ಎರಡನೆಯ ತಿಂಗಳ ಕೊನೆಗೆ ಕಂಟ್ರೋಲ್ ಪ್ಲ್ಯಾನ್ ಯಂತ್ರದ ಪಕ್ಕ ತೂಗಿರದಿದ್ದರೆ, ಅವರು ನಿಲ್ಲಲಿ ಬಿಡಲಿ, ಏನೋ ಎಡವಿದೆ ಎಂದು ತಿಳಿದು ಅಂದೇ ಕೂತು ಮಾತಾಡಿ.

ನೀವು ಬರೆದಷ್ಟರ ಮೇಲೆ ಹೇಳುವುದಾದರೆ, ಶಾಪ್‌ನಲ್ಲಿ ಆ ಒಂದು ದಿನ ಚೆನ್ನಾಗಿ ಹೋದರೆ, ಸಂಸಾರ ಬೆಳಗಾವಿಗೆ ಬಂದಿದ್ದರೆ, ಕೆಂಪು ಟ್ಯಾಗಿನ ವಿಷಯದಲ್ಲಿ ಅಣ್ಣನವರು ಒಪ್ಪಿದರೆ ನಾನು ಹಿರಿಯರನ್ನೇ ತೆಗೆದುಕೊಳ್ಳುತ್ತಿದ್ದೆ. ಈ ಮೂರರಲ್ಲಿ ಒಂದು ಕೂಡದಿದ್ದರೂ ಹುಡುಗನನ್ನು ತೆಗೆದುಕೊಳ್ಳಿ, ಆದರೆ ಒಬ್ಬನೇ ಬಿಡಬೇಡಿ. ಬೆಳಗಾವಿಯಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್ ಕಂಪನಿಗಳಿಂದ ನಿವೃತ್ತರಾದ ಕ್ವಾಲಿಟಿಯವರು ಇದ್ದಾರೆ. ಅಂಥ ಒಬ್ಬರನ್ನು ವಾರಕ್ಕೆ ಎರಡು ದಿನ, ಪಿಪ್ಯಾಪ್ ಸಹಿ ಆಗುವವರೆಗೆ ಮಾತ್ರ ಗೊತ್ತು ಮಾಡಿಕೊಳ್ಳಿ. ಏಳು ತಿಂಗಳು ಐದಾಗಬಹುದು. ಆ ಒಂದು ತಿಂಗಳ ಹೆಚ್ಚಿನ ಗಡುವನ್ನು ಗ್ರಾಹಕರ ಬಳಿ ಈಗಲೇ ಕೇಳಿ. ಆರಂಭದಲ್ಲಿ ಕೇಳಿದರೆ ಕೊಡುವವರುಂಟು, ನಾಲ್ಕನೆಯ ತಿಂಗಳ ಕೊನೆಯ ವಾರದಲ್ಲಿ ಕೇಳಿದರೆ ಕೊಡುವುದಿಲ್ಲ.